ಗುಳ್ಳ ಬದನೆ ಗಿಡದ ಕುಡಿ ಬಾಡಿ ಬಾಗುತ್ತಿದೆ, ಒಳಗೆ ಹುಳ ಉಂಟು. ಎಲ್ಲಿಗೆ ಕತ್ತರಿಸಬೇಕು?

ಕಟಪಾಡಿ ಹಿತ್ತಿಲು
ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ಹೊಯಿಗೆ ಮಣ್ಣಿನಲ್ಲಿ ಸುಮಾರು ಎಂಬತ್ತು ಗುಳ್ಳದ ಗಿಡ ಇದೆ. ಮಳೆ ಬಿಟ್ಟ ಮೇಲೆ, ಅಕ್ಟೋಬರದಲ್ಲಿ ನೆಟ್ಟದ್ದು. ಗಿಡ ಮೊಣಕಾಲೆತ್ತರ ಬಂದಿದೆ, ಹೂ ಈಗಷ್ಟೇ ಶುರು. ಈ ವಾರ ಕೆಲವು ಗಿಡಗಳ ತುದಿ ಮಾತ್ರ ಬಾಡಿ ಕೆಳಗೆ ಬಾಗಿದೆ. ಉಳಿದ ಗಿಡ ಹಸಿರಾಗಿಯೇ ಇದೆ. ಮೊದಲು ನೀರು ಸಾಲದೆ ಹೀಗೆ ಅಂದುಕೊಂಡು ಸಂಜೆ ಜಾಸ್ತಿ ನೀರು ಬಿಟ್ಟೆವು, ಬೆಳಿಗ್ಗೆ ನೋಡಿದರೂ ತುದಿ ಎದ್ದಿರಲಿಲ್ಲ. ಒಂದು ಕುಡಿ ಮುರಿದು ನೋಡಿದಾಗ ಒಳಗೆ ಟೊಳ್ಳು, ಕಂದು ಬಣ್ಣದ ಹಿಕ್ಕೆ, ಅದರ ತುದಿಯಲ್ಲಿ ಒಂದು ತಿಳಿ ಗುಲಾಬಿ ಹುಳ. ಕತ್ತರಿಸಬೇಕು ಅಂತ ಗೊತ್ತು. ಆದರೆ ಎಷ್ಟು ಕೆಳಗೆ ಕತ್ತರಿಸಬೇಕು? ಕತ್ತರಿಸಿದ ಮೇಲೆ ಬರುವ ಹೊಸ ಚಿಗುರಿಗೂ ಇದೇ ಗತಿ ಆದರೆ ಏನು ಮಾಡುವುದು? ಮನೆಗೆ ತಿನ್ನುವುದಕ್ಕೆ ಬೆಳೆಸಿದ್ದು, ಮಿಕ್ಕಿದ್ದು ಪೇಟೆಗೆ. ಹಾಗಾಗಿ ಜೋರು ಮದ್ದು ಬೇಡ ಅಂತ ಅಮ್ಮ ಹೇಳುತ್ತಿದ್ದಾರೆ.

ಬೆಳ್ಳೆ ತೋಟ
ಇದು ಸೊರಗು ರೋಗ ಮಾರಾಯ್ರೆ. ಬದನೆ ಬಾಡಿತು ಅಂದರೆ ನಮ್ಮ ಕಡೆ ಅದೇ. ಬುಡಕ್ಕೆ ಬ್ಲೀಚಿಂಗ್ ಪೌಡರ್ ನೀರು ಬಿಡಿ, ಬಾಡಿದ ಗಿಡ ಕಿತ್ತು ತೆಗೆಯಿರಿ. ಕುಡಿ ಕತ್ತರಿಸಿ ಪ್ರಯೋಜನ ಇಲ್ಲ, ನಾಲ್ಕು ದಿನದಲ್ಲಿ ಇಡೀ ಗಿಡ ಹೋಗುತ್ತದೆ.

ಗುಳ್ಳ ಕೃಷಿಕ
ಅಣ್ಣ, ಅವರು ಹುಳ ನೋಡಿದ್ದಾರೆ ಅಲ್ವಾ. ಸೊರಗು ರೋಗದಲ್ಲಿ ಇಡೀ ಗಿಡ ಒಂದೇ ಸಲ ಬಾಡುತ್ತದೆ, ಎಲೆ ಹಸಿರಿರುವಾಗಲೇ. ಅನುಮಾನ ಇದ್ದರೆ ಬುಡದ ಹತ್ತಿರದ ಕಾಂಡ ಒಂದು ತುಂಡು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಡಬೇಕು. ರೋಗ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಬಿಳಿ ನೂಲಿನ ಹಾಗೆ ಎಳೆಎಳೆಯಾಗಿ ನೀರಿಗೆ ಇಳಿಯುತ್ತದೆ. ಇಲ್ಲಿ ತುದಿ ಮಾತ್ರ ಬಾಡಿದೆ, ಕೆಳಗೆ ಗಿಡ ಗಟ್ಟಿಯಾಗಿದೆ. ಇದು ಕುಡಿ ಮತ್ತು ಕಾಯಿ ಕೊರಕ. ಈ ಗಿಡ ಕೀಳಬಾರದು.

ಕಟಪಾಡಿಯವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಷ್ಟು ಕೆಳಗೆ ಅನ್ನುವುದನ್ನು ಅಳತೆಯಲ್ಲಿ ಹೇಳಲು ಆಗುವುದಿಲ್ಲ, ತಿರುಳು ನೋಡಿ ಹೇಳಬೇಕು. ಬಾಡಿದ ಭಾಗ ಮುಗಿದು ಗಟ್ಟಿ ಕಾಂಡ ಶುರುವಾಗುವ ಕಡೆಯಿಂದ ಒಂದು ಇಂಚು ಕೆಳಗೆ, ಒಂದು ಎಲೆಯ ಸ್ವಲ್ಪ ಮೇಲೆ ಕತ್ತರಿಸಿ. ಆಮೇಲೆ ಗಿಡದಲ್ಲಿ ಉಳಿದ ತುದಿಯನ್ನು ಮೇಲಿನಿಂದ ನೋಡಿ. ನಡುವಿನ ತಿರುಳು ತಿಳಿ ಹಸಿರು ಅಥವಾ ಬಿಳಿ ಇದ್ದು ತುಂಬಿಕೊಂಡಿದ್ದರೆ ಅಲ್ಲಿಗೆ ಸಾಕು. ನಡುವೆ ಕಂದು ಚುಕ್ಕೆ ಅಥವಾ ತೂತು ಕಂಡರೆ ಹುಳ ಇನ್ನೂ ಕೆಳಗಿದೆ ಅಂತ ಅರ್ಥ. ಇನ್ನೊಂದು ಇಂಚು ಕತ್ತರಿಸಿ, ಮತ್ತೆ ನೋಡಿ. ತಿರುಳು ಚೊಕ್ಕ ಕಾಣುವವರೆಗೆ ಇಳಿಯುತ್ತಾ ಹೋಗಬೇಕು.

ಕತ್ತರಿಸಿ ಬಂದ ಕುಡಿಯನ್ನು ಸುಮ್ನೆ ಬಿಸಾಡಬೇಡಿ, ಉದ್ದಕ್ಕೆ ಸೀಳಿ ಹುಳ ಸಿಕ್ಕಿತಾ ನೋಡಿ. ಸಿಕ್ಕಿದರೆ ಕೆಲಸ ಆಯಿತು. ಸಿಗದಿದ್ದರೆ ಎರಡೇ ಸಾಧ್ಯತೆ. ಒಂದು, ಹುಳ ಗಿಡದಲ್ಲೇ ಉಳಿದಿದೆ. ಇನ್ನೊಂದು, ಅದು ಆಗಲೇ ಹೊರಗೆ ಹೋಗಿದೆ. ಹಿಕ್ಕೆಯಿಂದ ಮುಚ್ಚಿದ ತೂತು ಅಂದರೆ ಒಳಗೆ ಇದೆ. ತೂತು ತೆರೆದು, ಒಣಗಿ, ಕುಡಿ ಕಪ್ಪಾಗಿದ್ದರೆ ಹುಳ ದಾಟಿ ಹೋಗಿ ಆಯಿತು. ಆ ಒಣ ಕುಡಿ ಕತ್ತರಿಸಿದರೆ ಗಿಡ ಚಂದ ಕಾಣಬಹುದು, ಹುಳ ಒಂದೂ ಕಮ್ಮಿ ಆಗುವುದಿಲ್ಲ. ಅದಕ್ಕೇ ಬಾಗಿದ ಮೊದಲ ದಿನ, ಕುಡಿ ಇನ್ನೂ ಹಸಿರಿರುವಾಗ ತೆಗೆಯಬೇಕು ಅನ್ನುವುದು.

ಹುಡುಕುವುದು ಬೆಳಿಗ್ಗೆಯೇ. ಮಧ್ಯಾಹ್ನದ ಬಿಸಿಲಿಗೆ ಒಳ್ಳೆಯ ಕುಡಿಯೂ ಜೋಲುತ್ತದೆ, ಗುರುತು ಸಿಗುವುದಿಲ್ಲ. ಬೆಳಿಗ್ಗೆ ಏಳು ಗಂಟೆಗೂ ತಲೆ ಬಾಗಿಸಿ ನಿಂತದ್ದು ಹುಳದ್ದೇ.

ಕಟಪಾಡಿ ಹಿತ್ತಿಲು
ತುಂಬಾ ಉಪಕಾರ ಆಯಿತು. ಕತ್ತರಿಸಿದ ಕುಡಿಗಳನ್ನು ತೆಂಗಿನ ಬುಡಕ್ಕೆ ಹಾಕಬಹುದಾ? ಸೊಪ್ಪು ಎಲ್ಲ ನಾವು ಅಲ್ಲಿಗೇ ಹಾಕುವುದು.

ಗುಳ್ಳ ಕೃಷಿಕ
ಖಂಡಿತ ಬೇಡ. ಬಲಿತ ಹುಳ ಕುಡಿಯಿಂದ ಇಳಿದು ತರಗೆಲೆ, ಮಣ್ಣಿನ ಮೇಲ್ಭಾಗದಲ್ಲಿ ಬೂದು ಬಣ್ಣದ ಗಟ್ಟಿ ಗೂಡು ಕಟ್ಟುತ್ತದೆ. ಒಂದು ವಾರ, ಹತ್ತು ದಿನದಲ್ಲಿ ಅಲ್ಲಿಂದ ಚಿಟ್ಟೆ ಬರುತ್ತದೆ. ನೀವು ಕುಡಿಯನ್ನು ತೆಂಗಿನ ಬುಡಕ್ಕೆ ಹಾಕಿದರೆ ಅದಕ್ಕೆ ಬೇಕಾದ ಜಾಗವನ್ನೇ ಕೊಟ್ಟ ಹಾಗೆ. ಗೊಬ್ಬರ ಗುಂಡಿಗೂ ಬೇಡ. ಕತ್ತರಿಸುವಾಗಲೇ ಒಂದು ಪ್ಲಾಸ್ಟಿಕ್ ಚೀಲ ಕೈಯಲ್ಲಿರಲಿ, ನೆಲಕ್ಕೆ ಬೀಳಿಸಬೇಡಿ. ಬಚ್ಚಲ ಒಲೆ ಇದ್ದರೆ ನೇರ ಅದಕ್ಕೆ. ಸುಡುಮಣ್ಣು ಮಾಡುವವರಾದರೆ ಆ ರಾಶಿಗೆ. ಎರಡೂ ಇಲ್ಲದಿದ್ದರೆ ಚೀಲದ ಬಾಯಿ ಕಟ್ಟಿ ಬಿಸಿಲಿನಲ್ಲಿ ಎರಡು ಮೂರು ದಿನ ಇಡಿ.

ಕುಡ್ಲ ಟೆರೇಸ್
ನನ್ನದೂ ಇದೇ ಸಮಸ್ಯೆ!! ಬಿಜೈಯಲ್ಲಿ ಟೆರೇಸ್ ಮೇಲೆ ಗ್ರೋಬ್ಯಾಗಿನಲ್ಲಿ ಆರು ಬದನೆ ಇಟ್ಟಿದ್ದೇನೆ. ಎಲೆ ಅಂಚು ಹಳದಿಯಾಗಿ ಮೇಲಕ್ಕೆ ಮುದುಡಿದೆ, ಅಡಿಯಲ್ಲಿ ಹಸಿರು ಬಣ್ಣದ ಸಣ್ಣ ಸಣ್ಣ ಹುಳ ಓಡುತ್ತವೆ. ನಾನೂ ಎಲ್ಲಾ ಕುಡಿ ಕತ್ತರಿಸಲಾ?

ಗುಳ್ಳ ಕೃಷಿಕ
ಅಕ್ಕ, ಕತ್ತರಿಸಬೇಡಿ. ನಿಮ್ಮದು ಜಿಗಿಹುಳ, ಎಲೆಯ ರಸ ಹೀರುವುದು. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಬೇವಿನ ಎಣ್ಣೆ ಲೀಟರಿಗೆ 5 ಮಿಲಿ, ಸ್ವಲ್ಪ ಸೋಪು ನೀರು ಬೆರೆಸಿ ಎಲೆಯ ಅಡಿಗೆ ತಾಗುವ ಹಾಗೆ ಸಂಜೆ ಹೊಡೆಯಿರಿ. ಕುಡಿ ಬಾಗಿದ್ದು ಕಂಡರೆ ಮಾತ್ರ ಇಲ್ಲಿ ಹೇಳಿದ ಕೆಲಸ.

ಪೇಟೆ ಪೈರು
ಇಷ್ಟೆಲ್ಲ ಯಾಕೆ? ಎಮಾಮೆಕ್ಟಿನ್ ಪುಡಿ ಸಿಗುತ್ತದೆ, ಲೀಟರಿಗೆ 0.4 ಗ್ರಾಂ, ಒಂದು ಸಲ ಹೊಡೆದರೆ ಮುಗಿಯಿತು. ಒಂದೊಂದೇ ಕುಡಿ ಹುಡುಕಿ ಕತ್ತರಿಸುತ್ತಾ ಕೂತರೆ ಬೇರೆ ಕೆಲಸ ಯಾವಾಗ?

ಗುಳ್ಳ ಕೃಷಿಕ
ಮದ್ದಿನ ಹೆಸರು ಸರಿ, ಪ್ರಮಾಣವೂ ಸರಿ. ಆದರೆ ಅದು ಕೆಲಸ ಮಾಡುವುದು ಹುಳ ಒಳಗೆ ಹೋಗುವ ಮೊದಲು. ಮೊಟ್ಟೆ ಒಡೆದು ಬಂದ ಮರಿ ಕೆಲವೇ ಗಂಟೆಯಲ್ಲಿ ಎಳೆ ಕಾಂಡ ಕೊರೆದು ಒಳಗೆ ಸೇರಿ, ಬಾಗಿಲನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ಒಳಗೆ ಹೋದ ಮೇಲೆ ಹೊರಗೆ ಏನು ಹೊಡೆದರೂ ಅದಕ್ಕೆ ತಾಗುವುದು ಕಷ್ಟ. ಬಾಡಿದ ಕುಡಿ ಬಿಟ್ಟು ಮದ್ದು ಹೊಡೆದರೆ ಹುಳ ಒಳಗೆ ಆರಾಮ ತಿಂದು, ಬಲಿತು, ಇಳಿದು ಹೋಗುತ್ತದೆ. ಮದ್ದು ಹೊಡೆಯುವವರೂ ಮೊದಲು ಕತ್ತರಿಸಲೇಬೇಕು.

ಇನ್ನೊಂದು ವಿಷಯ. ಎಮಾಮೆಕ್ಟಿನ್ ಹೊಡೆದರೆ ಬದನೆ ಕೊಯ್ಯಲು 3 ದಿನ ಕಾಯಬೇಕು. ಈ ಹುಳಕ್ಕೇ ಕೊಡುವ ಕ್ಲೋರಾಂಟ್ರಾನಿಲಿಪ್ರೋಲ್‌ಗೆ 22 ದಿನ. ಗುಳ್ಳ ಕಾಯಿ ಬಿಡಲು ಶುರುವಾದ ಮೇಲೆ ವಾರಕ್ಕೆ ಒಂದೆರಡು ಸಲ ಕೊಯ್ಯುತ್ತೇವೆ. 22 ದಿನ ಯಾರು ಬಿಡುತ್ತಾರೆ? ಎರಡನೆಯದನ್ನು ಹೊಡೆಯುವುದಿದ್ದರೆ ಹೂವಿಗೆ ಮೊದಲೇ, ಆಮೇಲೆ ಮುಟ್ಟಬಾರದು. ಮನೆಗೆ ತಿನ್ನುವ ಎಂಬತ್ತು ಗಿಡಕ್ಕೆ ನಾನಂತೂ ಎರಡನ್ನೂ ಹೇಳುವುದಿಲ್ಲ.

ಪೇಟೆ ಪೈರು
ನನ್ನದು ಎಂಬತ್ತು ಗಿಡ ಅಲ್ಲ, ಒಂದು ಎಕರೆ. ಕೆಲಸಕ್ಕೆ ಜನ ಸಿಗುವುದಿಲ್ಲ. ಕುಡಿ ಹುಡುಕುತ್ತಾ ಎಲ್ಲ ಸಾಲು ಸುತ್ತುವ ಮಾತು ನಮಗೆ ಆಗುವುದಲ್ಲ.

ಗುಳ್ಳ ಕೃಷಿಕ
ಅದು ಒಪ್ಪುವ ಮಾತೇ. ಒಂದು ಎಕರೆಗೆ ಕತ್ತರಿಸುವುದು ಒಂದರಿಂದಲೇ ಆಗುವುದಿಲ್ಲ. ಆದರೆ ಹೂವಿಗೆ ಮೊದಲಿನ ನಾಲ್ಕೈದು ವಾರ ಮಾತ್ರವಾದರೂ ಸುತ್ತಿ. ಆಗ ಕಾಯಿ ಇಲ್ಲ, ಇದ್ದಬದ್ದ ಹುಳವೆಲ್ಲ ಕುಡಿಯಲ್ಲೇ ಇರುತ್ತದೆ, ಕಣ್ಣಿಗೆ ಕಾಣುತ್ತದೆ. ಕಾಯಿ ಬಂದ ಮೇಲೆ ಅದು ಕಾಯಿಗೆ ಹೋಗುತ್ತದೆ, ಕೊಯ್ದು ಹೆಚ್ಚುವವರೆಗೂ ಗೊತ್ತಾಗುವುದಿಲ್ಲ. ಕುಡಿ ಹೋದರೆ ಗಿಡ ಮತ್ತೆ ಚಿಗುರುತ್ತದೆ, ಅದು ದೊಡ್ಡ ನಷ್ಟವೇ ಅಲ್ಲ. ನಾವು ಕುಡಿ ಕತ್ತರಿಸುವುದು ಮುಂದಿನ ಕಾಯಿ ಉಳಿಸಲು.

ಬಾರ್ಕೂರು ಸಸಿ
ನಾನು ಸಸಿ ಮಾಡಿ ಕೊಡುವವಳು. ಒಂದು ಮಾತು ಸೇರಿಸುತ್ತೇನೆ. ಎಷ್ಟೋ ಸಲ ಹುಳ ಸಸಿಯ ಜೊತೆಗೇ ಬಂದಿರುತ್ತದೆ. ಹಳೆ ಬದನೆ ಸಾಲಿನ ಪಕ್ಕ ಬಯಲಲ್ಲಿ ಸಸಿ ಮಡಿ ಮಾಡಿದರೆ ಚಿಟ್ಟೆ ರಾತ್ರಿ ಬಂದು ಎಲೆ ಅಡಿಯಲ್ಲಿ ಒಂದೊಂದೇ ಮೊಟ್ಟೆ ಇಟ್ಟು ಹೋಗುತ್ತದೆ. ನಾವು ಮಡಿಗೆ ಬಲೆ ಕಟ್ಟಿಯೇ ಸಸಿ ಮಾಡುವುದು. ಮತ್ತೆ, ಕಟಪಾಡಿಯವರೇ, ಹೋದ ವರ್ಷದ ಬದನೆ ಗಿಡ ಕಿತ್ತದ್ದು ಅಲ್ಲೆಲ್ಲಾದರೂ ರಾಶಿ ಉಂಟಾ?

ಕಟಪಾಡಿ ಹಿತ್ತಿಲು
ನಮ್ಮಲ್ಲಿ ಇಲ್ಲ ಅಕ್ಕ. ಆದರೆ ಪಕ್ಕದ ಮನೆಯವರು ಮೊನ್ನೆ ಮೊನ್ನೆ ಹಳೆ ಬದನೆ ಗಿಡ ಕಿತ್ತು, ಬಚ್ಚಲಿಗೆ ಸೌದೆ ಅಂತ ಬೇಲಿಗೆ ಒರಗಿಸಿ ಇಟ್ಟಿದ್ದಾರೆ. ಬೇಲಿ ಹತ್ತಿರದ ಎರಡು ಸಾಲಿನಲ್ಲೇ ಬಾಡಿದ್ದು ಜಾಸ್ತಿ ಅಂತ ಈಗ ಹೊಳೆಯುತ್ತಿದೆ.

ಬಾರ್ಕೂರು ಸಸಿ
ಹಾಗಾದರೆ ಅಲ್ಲಿಂದಲೇ ಬಂದಿರಬಹುದು. ಕಿತ್ತ ಗಿಡದ ಕಡ್ಡಿ, ಉಳಿದ ಕಾಯಿಯಲ್ಲಿ ಇದ್ದ ಹುಳ ಗೂಡು ಕಟ್ಟಿ ಅಲ್ಲಿಂದಲೇ ಚಿಟ್ಟೆಯಾಗಿ ಬರುತ್ತದೆ. ಅವರ ಹತ್ತಿರ ಒಳ್ಳೆಯ ಮಾತಲ್ಲಿ ಹೇಳಿ, ಆ ರಾಶಿ ಮೊದಲು ಉರಿಸಲಿ. ಬೇರೆ ಸೌದೆ ಆಮೇಲೆ ಉರಿಸಬಹುದು.

ಸುರತ್ಕಲ್ ಅಜ್ಜಿಮನೆ
ಹುಳ ಬರುವ ಗುಳ್ಳಕ್ಕೆ ಬದಲು ಬಿಟಿ ಅನ್ನುವ ಕುಲಾಂತರಿ ಬದನೆ ತರುತ್ತೇವೆ ಅಂತ ಹಿಂದೆ ದೊಡ್ಡ ಸುದ್ದಿ ಆಗಿತ್ತು. ಅದು ಬಂದಿದ್ದರೆ ಈ ಕತ್ತರಿ ಕೆಲಸ ಎಲ್ಲ ಬೇಕಿತ್ತಾ? ಮಟ್ಟುವಿನವರೇ ವಿರೋಧ ಮಾಡಿದ್ದಲ್ವಾ.

ಗುಳ್ಳ ಕೃಷಿಕ
ಬಿಟಿ ಬದನೆ ಮಾಡಿದ್ದು ಈ ಹುಳಕ್ಕೇ, ಅದು ಹೌದು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಅದಕ್ಕೆ ತಡೆ ಹಾಕಿತು. ಬಾಂಗ್ಲಾದೇಶ 2013ರಲ್ಲಿ ಒಪ್ಪಿ ಬೆಳೆಯುತ್ತಿದೆ. ಮಟ್ಟು ಗುಳ್ಳ ಒಂದೇ ಊರಿನ ತಳಿ, ವಾದಿರಾಜರು ಕೊಟ್ಟ ಬೀಜ ಅಂತ ನಂಬಿ ಉಳಿಸಿಕೊಂಡು ಬಂದದ್ದು. ಬೀಜ ಕಲಬೆರಕೆ ಆದೀತು ಅನ್ನುವ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ.

ಸುರತ್ಕಲ್ ಅಜ್ಜಿಮನೆ
ಬೀಜದ ಮಾತು ಒಪ್ಪುತ್ತೇನೆ. ಆದರೆ ವಾರ ವಾರ ಮದ್ದು ಹೊಡೆದ ಕಾಯಿ ತಿನ್ನುವುದು ಅದಕ್ಕಿಂತ ಒಳ್ಳೆಯದಾ? ನನಗೆ ಹಾಗೆ ಅನಿಸುವುದಿಲ್ಲ.

ಕಟಪಾಡಿ ಹಿತ್ತಿಲು
ಅದರ ಚರ್ಚೆ ಬೇರೆ ಕಡೆ ಮಾಡುವ, ಆಗದಾ? 🙏 ನಾನು ಇವತ್ತು ಬೆಳಿಗ್ಗೆ ಎಲ್ಲ ಸಾಲು ನೋಡಿದೆ. ಬಾಗಿದ ಕುಡಿ ಮೂವತ್ತರ ಹತ್ತಿರ ಸಿಕ್ಕಿತು. ಒಂದನ್ನು ಸರಿಯಾಗಿ ನೋಡಿದ್ದು ಬರೆಯುತ್ತೇನೆ. ತುದಿಯ ನಾಲ್ಕು ಎಲೆ ಜೋತಿತ್ತು. ಅದರ ಕೆಳಗೆ ಎಲೆ ತೊಟ್ಟು ಕಾಂಡಕ್ಕೆ ಸೇರುವ ಕಡೆ ಸಾಸಿವೆಯಷ್ಟು ಒದ್ದೆ ಹಿಕ್ಕೆ ಅಂಟಿಕೊಂಡಿತ್ತು. ಒರೆಸಿದರೆ ಸಣ್ಣ ತೂತು. ಒಂದು ಇಂಚು ಕೆಳಗೆ ಕತ್ತರಿಸಿದಾಗ ನಡುವೆ ಕಂದು ಚುಕ್ಕೆ ಇತ್ತು, ಇನ್ನೊಂದು ಇಂಚು ಇಳಿದಾಗ ತಿರುಳು ಚೊಕ್ಕ. ಆ ಎರಡನೇ ತುಂಡಿನಲ್ಲೇ ಹುಳ, ತಲೆ ಕೆಳಗೆ ಮಾಡಿ ಕೂತಿತ್ತು. ಮೊದಲ ಕತ್ತರಿಗೇ ನಿಲ್ಲಿಸಿದ್ದರೆ ಅದು ಗಿಡದಲ್ಲೇ ಉಳಿಯುತ್ತಿತ್ತು.

ಒಂದೇ ಗಿಡದಲ್ಲಿ ಮಾತ್ರ ತಿರುಳು ಎಷ್ಟು ಇಳಿದರೂ ಕಂದು. ದಪ್ಪ ಕಾಂಡದವರೆಗೆ ಬಂದೆ, ನಿಲ್ಲಲೇ ಇಲ್ಲ.

ಗುಳ್ಳ ಕೃಷಿಕ
ಆ ಗಿಡದ ಬುಡ ನೋಡಿ. ನೆಲದ ಹತ್ತಿರ ಕಾಂಡದಲ್ಲಿ ತೂತು, ಹಿಕ್ಕೆ ಇದ್ದರೆ ಅದು ಕಾಂಡ ಕೊರಕ, ಬೇರೆಯೇ ಹುಳ. ಕುಡಿ ಕೊರಕ ಎಳೆ ಭಾಗ ಬಿಟ್ಟು ಬಲಿತ ಕಾಂಡಕ್ಕೆ ಇಳಿಯುವುದಿಲ್ಲ. ಬುಡದಲ್ಲಿ ತೂತು ಇಲ್ಲದೆ ಒಳಗೆ ಮಾತ್ರ ಕಂದು ಬಣ್ಣ ಇದ್ದರೆ, ಬೆಳ್ಳೆಯವರು ಹೇಳಿದ ಸೊರಗು ರೋಗ ಇರಬಹುದು, ಲೋಟದ ನೀರಿನಲ್ಲಿ ನೋಡಿ. ಎರಡರಲ್ಲಿ ಯಾವುದಾದರೂ ಆ ಒಂದು ಗಿಡ ಕಿತ್ತು ಸುಡುವುದೇ ಸರಿ. ಅದನ್ನು ಕತ್ತರಿಸಿದ ಬ್ಲೇಡನ್ನು ಒಳ್ಳೆಯ ಗಿಡಕ್ಕೆ ಹಾಗೇ ತಾಗಿಸಬೇಡಿ. ಬ್ಲೀಚಿಂಗ್ ನೀರಿನಲ್ಲಿ ಅದ್ದಿ ಒರೆಸಿ.

ಬೆಳ್ಳೆ ತೋಟ
ನೋಡಿ, ಸೊರಗು ರೋಗವೂ ಇರಬಹುದು ಅಂತ ಆಯಿತಲ್ಲ. ನಮ್ಮಲ್ಲಿ ಇದೇ ಕಾಟಕ್ಕೆ ಸುಂಡೆ ಗಿಡದ ಬುಡಕ್ಕೆ ಬದನೆ ಕಸಿ ಕಟ್ಟಿದ್ದೇವೆ, ಈಗ ಬಾಡುವುದು ಕಮ್ಮಿ. ಕುಡಿ ಹುಳಕ್ಕೂ ಕಸಿ ಗಿಡ ಒಳ್ಳೆಯದು.

ಬಾರ್ಕೂರು ಸಸಿ
ಸೊರಗಿಗೆ ಸುಂಡೆ ಬುಡ ಒಳ್ಳೆಯದು ಅಣ್ಣ, ನಾನೂ ಕಟ್ಟಿ ಕೊಡುತ್ತೇನೆ. ಆದರೆ ಕುಡಿ ಹುಳಕ್ಕೆ ಅಲ್ಲ. ಮೇಲಿರುವುದು ಅದೇ ಬದನೆಯ ಕುಡಿ ತಾನೆ, ಚಿಟ್ಟೆಗೆ ಬುಡ ಯಾವುದಾದರೇನು.

ಕಟಪಾಡಿ ಹಿತ್ತಿಲು
ಆ ಗಿಡದ ಬುಡದಲ್ಲಿ ತೂತು ಇತ್ತು. ಕಿತ್ತು ಸುಟ್ಟೆವು. ಈಗ ಕತ್ತರಿಸಿದ ಗಿಡಗಳಲ್ಲಿ ಎಲೆ ಬುಡದಿಂದ ಸಣ್ಣ ಚಿಗುರು ಬರುತ್ತಿದೆ, ಒಂದು ಕುಡಿ ಇದ್ದಲ್ಲಿ ಎರಡು ಮೂರು. ಇದನ್ನು ಕಾಪಾಡುವುದು ಹೇಗೆ ಅಂತ ಹೇಳಿ.

ಪಡುಬಿದ್ರಿ ಕೈತೋಟ
ಸೊಳ್ಳೆ ಪರದೆ ಹೊದೆಸಿಬಿಡಿ, ಮುಗಿಯಿತು. ಚಿಟ್ಟೆ ಒಳಗೆ ಬರುವುದೇ ಇಲ್ಲ.

ಗುಳ್ಳ ಕೃಷಿಕ
ಪರದೆ ಒಳ್ಳೆಯದೇ, ಆದರೆ ಹೊದೆಸುವ ಮೊದಲು ಒಂದು ಕೆಲಸ ಉಂಟು. ಮಣ್ಣಿನಲ್ಲಿ ಆಗಲೇ ಗೂಡು ಇದ್ದರೆ ಚಿಟ್ಟೆ ಪರದೆಯ ಒಳಗೇ ಹುಟ್ಟುತ್ತದೆ. ಹೊರಗೆ ಹೋಗಲು ಆಗದೆ ಅಲ್ಲೇ ಮೊಟ್ಟೆ ಇಡುತ್ತದೆ. ಹಾಗಾಗಿ ಗಿಡದ ಬುಡದ ತರಗೆಲೆ, ಉದುರಿದ ಎಲೆ ಎಲ್ಲ ಗುಡಿಸಿ ತೆಗೆದು ಸುಟ್ಟು, ಮೇಲಿನ ಮಣ್ಣು ಒಂದೆರಡು ಇಂಚು ಕೆದಕಿ ಬಿಸಿಲಿಗೆ ಬಿಡಿ. ಪರದೆ ಹಾಕಿದ ಮೇಲೂ ಎರಡು ಮೂರು ವಾರ ಒಳಗೆ ಕುಡಿ ನೋಡುತ್ತಲೇ ಇರಬೇಕು.

ಪರದೆ ಎಲೆಗೆ ತಾಗಬಾರದು. ತಾಗಿದರೆ ಚಿಟ್ಟೆ ಹೊರಗಿನಿಂದಲೇ ಆ ಎಲೆಗೆ ಮೊಟ್ಟೆ ಇಡಬಹುದು. ಸುತ್ತ ಕೋಲು ನೆಟ್ಟು ಗಿಡಕ್ಕಿಂತ ಒಂದು ಅಡಿ ಎತ್ತರದಲ್ಲಿ ಕಟ್ಟಿ, ಅಂಚಿಗೆ ಮಣ್ಣು ಎಳೆಯಿರಿ. ಈ ಚಿಟ್ಟೆ ರಾತ್ರಿ ಹಾರುವುದು. ಹೂ ಬಂದ ಮೇಲೆ ಬೆಳಿಗ್ಗೆ ಬಿಸಿಲು ಏರಿದ ಮೇಲೆ ತೆಗೆದು, ಕತ್ತಲಾಗುವ ಮೊದಲು ಮುಚ್ಚಿದರೆ ಜೇನುನೊಣ ಬರುವುದಕ್ಕೂ ಅಡ್ಡಿ ಇಲ್ಲ. ಎಂಬತ್ತು ಗಿಡಕ್ಕೂ ಕಷ್ಟ ಆದರೆ ಬೇಲಿ ಪಕ್ಕದ ಎರಡು ಸಾಲಿಗೆ ಮಾತ್ರ ಮಾಡಿ.

ಉಳಿದದ್ದಕ್ಕೆ ಬೇವಿನ ಬೀಜದ ಕಷಾಯ. ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೆನೆಹಾಕಿ, ಮರುದಿನ ಹಿಂಡಿ ಸೋಸಿ, ಸ್ವಲ್ಪ ಸೋಪು ಬೆರೆಸಿ ಸಂಜೆ ಹೊಡೆಯುವುದು. ಚಿಗುರಿನ ತುದಿಗೆ ಮತ್ತು ಎಲೆಯ ಅಡಿಗೆ ತಾಗಬೇಕು, ಮೊಟ್ಟೆ ಇರುವುದು ಅಲ್ಲಿ. ವಾರ, ಹತ್ತು ದಿನಕ್ಕೊಮ್ಮೆ. ಚಿಗುರು ದಿನಾ ಬೆಳೆಯುತ್ತದೆ, ಹೊಡೆದ ಮೇಲೆ ಬೆಳೆದ ಭಾಗಕ್ಕೆ ಏನೂ ತಾಗಿರುವುದಿಲ್ಲ, ಅದಕ್ಕೇ ಮತ್ತೆ ಮತ್ತೆ. ಈ ಹೊತ್ತಿನಲ್ಲಿ ಯೂರಿಯಾ ಹಾಕಬೇಡಿ. ಹಾಕಿದರೆ ಚಿಗುರು ಮೆತ್ತಗೆ ದಪ್ಪ ಬರುತ್ತದೆ, ಹುಳಕ್ಕೆ ಅದೇ ಬೇಕು.

ಪಡುಬಿದ್ರಿ ಕೈತೋಟ
ಮೋಹಕ ಬಲೆ ಯಾರೂ ಹೇಳಲಿಲ್ಲ. ಗಂಡು ಚಿಟ್ಟೆ ಎಲ್ಲ ಬಂದು ಬೀಳುತ್ತದೆ ಅಂತಾರೆ. ನಾನು ಎರಡು ಕಟ್ಟಿದ್ದೇನೆ.

ಗುಳ್ಳ ಕೃಷಿಕ
ಬೀಳುವುದು ಗಂಡು ಮಾತ್ರ, ಮೊಟ್ಟೆ ಇಡುವುದು ಹೆಣ್ಣು. ಪಕ್ಕದ ಹಿತ್ತಿಲಿನಲ್ಲಿ ಬಸಿರಾದ ಹೆಣ್ಣು ಹಾರಿ ಬಂದರೆ ನಿಮ್ಮ ಬಲೆ ಏನೂ ಮಾಡಲಾರದು. ಊರಿನವರೆಲ್ಲ ಒಟ್ಟಿಗೆ ಕಟ್ಟಿದರೆ ಫಲ ಉಂಟು. ಒಂದು ಹಿತ್ತಿಲಿಗೆ ಒಂದು ಬಲೆ ಚಿಟ್ಟೆ ಬಂತಾ ಅಂತ ತಿಳಿಯುವುದಕ್ಕೆ ಸಾಕು. ಬಿದ್ದದ್ದು ಕಂಡ ವಾರ ಕಷಾಯ ತಪ್ಪಿಸಬೇಡಿ.

ಪಡುಬಿದ್ರಿ ಕೈತೋಟ
ನನ್ನ ಬಲೆಗೆ ಬೀಳುತ್ತಿದೆ, ಕುಡಿ ಬಾಡುವುದೂ ಕಮ್ಮಿ ಆಗಿದೆ. ನೀವು ಹೇಳಿದ್ದು ನಾನು ಪೂರ್ತಿ ಒಪ್ಪುವುದಿಲ್ಲ.

ಬಾರ್ಕೂರು ಸಸಿ
ನಿಮ್ಮ ಅಕ್ಕಪಕ್ಕ ಬೇರೆ ಬದನೆ ಇಲ್ಲದೆಯೂ ಹಾಗೆ ಆಗಿರಬಹುದು. ಲ್ಯೂರ್ ತಿಂಗಳಿಗೊಮ್ಮೆ ಬದಲಿಸುತ್ತೀರಿ ತಾನೆ? ಹಳತಾದರೆ ವಾಸನೆ ಹೋಗುತ್ತದೆ. ಮತ್ತೆ ಬಲೆ ಗಿಡದ ತುದಿಗಿಂತ ಸ್ವಲ್ಪ ಮೇಲೆ ಇರಲಿ, ಗಿಡ ಬೆಳೆದ ಹಾಗೆ ಏರಿಸಬೇಕು.

ಕಟಪಾಡಿ ಹಿತ್ತಿಲು
ಸ್ವಲ್ಪ ದಿನ ಬಿಟ್ಟು ಬರೆಯುತ್ತಿದ್ದೇನೆ. ಬೇಲಿ ಪಕ್ಕದ ಎರಡು ಸಾಲಿಗೆ ಪರದೆ ಕಟ್ಟಿದೆವು, ಉಳಿದದ್ದಕ್ಕೆ ಕಷಾಯ. ತರಗೆಲೆ ಗುಡಿಸುವಾಗ ಬೂದು ಗೂಡು ಕೆಲವು ಸಿಕ್ಕಿತು, ಒಣ ಎಲೆಗೆ ಅಂಟಿಕೊಂಡು ಮಣ್ಣಿನ ಬಣ್ಣದಲ್ಲೇ ಇದ್ದವು. ಗೊತ್ತಿಲ್ಲದವರು ಖಂಡಿತ ಬಿಟ್ಟುಬಿಡುತ್ತಾರೆ. ಪರದೆಯ ಸಾಲಿನಲ್ಲಿ ಮೊದಲ ವಾರ ಒಂದೆರಡು ಕುಡಿ ಮತ್ತೆ ಬಾಗಿತು, ಆಮೇಲೆ ಇಲ್ಲ. ಕಷಾಯದ ಸಾಲಿನಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಸಿಗುತ್ತದೆ, ಮೊದಲಿನಷ್ಟು ಅಲ್ಲ. ಹೊಸ ಚಿಗುರಿನಲ್ಲಿ ಮೊಗ್ಗು ಕಟ್ಟಿದೆ, ಹೂ ಹತ್ತು ಹದಿನೈದು ದಿನ ತಡ ಆದೀತು. ಪಕ್ಕದ ಮನೆಯವರು ರಾಶಿ ಅರ್ಧ ಉರಿಸಿದ್ದಾರೆ, ಅರ್ಧ ಇನ್ನೂ ಅಲ್ಲೇ ಉಂಟು. ಹಿರಿಯರು, ಜಾಸ್ತಿ ಹೇಳಲು ಸಂಕೋಚ.

ಕತ್ತರಿಸದೇ ಇದ್ದ ಗಿಡಗಳಲ್ಲಿ ಮೊದಲ ಕಾಯಿ ನಿಂಬೆ ಗಾತ್ರ ಆಗಿದೆ. ಎರಡರಲ್ಲಿ ತೊಟ್ಟಿನ ಟೋಪಿ ಅಡಿಯಲ್ಲಿ ಸಣ್ಣ ಚುಕ್ಕೆ ಕಾಣುತ್ತದೆ. ಬಲಿಯಲು ಬಿಡಲಾ?

ಗುಳ್ಳ ಕೃಷಿಕ
ಬಿಡಬೇಡಿ. ಟೋಪಿ ಅಡಿಯ ಚುಕ್ಕೆ ಅಂದರೆ ಮರಿ ಅಲ್ಲಿಂದಲೇ ಒಳಗೆ ಹೋಗಿದೆ. ದೊಡ್ಡ ತೂತು ಕಾಣುವುದು ಹುಳ ಹೊರಗೆ ಬಂದ ಮೇಲೆ. ಇವತ್ತೇ ಕಿತ್ತು ಬಚ್ಚಲ ಒಲೆಗೆ ಹಾಕಿ. ಇನ್ನು ಮುಂದೆ ಬೆಳಿಗ್ಗೆ ಕುಡಿ ನೋಡುವಾಗ ಕಾಯಿಯ ಟೋಪಿಯನ್ನೂ ಎತ್ತಿ ನೋಡಿ. ಉಳಿದ ಅರ್ಧ ರಾಶಿಗೆ, ನಿಮ್ಮ ಸೌದೆ ಒಂದು ಹೊರೆ ಅವರಿಗೆ ಕೊಟ್ಟು ಆ ಕಡ್ಡಿಗಳನ್ನು ನೀವೇ ತಂದು ಉರಿಸಿ. ಹೇಳುವುದಕ್ಕಿಂತ ಅದು ಸುಲಭ.

ಕಟಪಾಡಿ ಹಿತ್ತಿಲು
ಅದು ಆಗುವ ಮಾತು. ತೆಂಗಿನ ಮಡಲು ಬೇಕಾದಷ್ಟು ಉಂಟು, ನಾಳೆಯೇ ಕೊಟ್ಟು ಬದಲಿಗೆ ಕೇಳುತ್ತೇನೆ.